ಗೃಹಸ್ಥರ ವ್ಯವಹಾರ: ಮದುವೆಗೆ ಮುಂಚೆ ಬರೆದ ಹೆಸರು

ತುಮಕೂರು ಸೀಮೆಯ ವಾಚಕರೊಬ್ಬರು ಕಳೆದ ತಿಂಗಳು ನಮಗೊಂದು ಕಾಗದವನ್ನು ಬರೆದಿದ್ದರು. ತಮ್ಮ ನೆರೆಮನೆಯ ಹುಡುಗನು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದು ಅಕಾಲದಲ್ಲಿ ತೀರಿಕೊಂಡನೆಂದೂ, ಪ್ರಾವಿಡೆಂಟ್ ಫಂಡಿನ ಹಣಕ್ಕಾಗಿ ಅತ್ತೆಗೂ ಸೊಸೆಗೂ ಮಾತು ನಿಂತುಹೋಗಿದೆಯೆಂದೂ, ಆಫೀಸಿನ ಕಾಗದದಲ್ಲಿ ತಾಯಿಯ ಹೆಸರೇ ಇರುವಾಗ ಹೆಂಡತಿಗೆ ಏನಾದರೂ ದಕ್ಕುವುದುಂಟೇ ಎಂದೂ ಕೇಳಿದ್ದರು. ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಕೊಡಬಹುದು. ಆದರೆ ಒಂದು ಮಾತಿನ ಉತ್ತರವನ್ನು ಎರಡು ಕಡೆಯವರೂ ನಂಬುವುದಿಲ್ಲವೆಂಬುದು ನಮ್ಮ ಅನುಭವ. ಆದಕಾರಣ ಇದೇ ಬಗೆಯ ಒಂದು ಸಂಸಾರದ ವ್ಯವಹಾರವನ್ನು, ಊರು ಹೆಸರುಗಳನ್ನು ಬಿಟ್ಟು, ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡು ಮಾಡಿ, ಮೊದಲಿನಿಂದ ಹೇಳುತ್ತೇವೆ.

ಹುಡುಗನು 2013ರಲ್ಲಿ ಬೆಂಗಳೂರಿನ ಒಂದು ಯಂತ್ರದ ಕಾರ್ಖಾನೆಗೆ ಸೇರಿದನು. ಆಗ ಅವನಿಗೆ ಮದುವೆಯಾಗಿರಲಿಲ್ಲ. ಸೇರಿದ ವಾರದಲ್ಲಿ ಗುಮಾಸ್ತೆಯು ಒಂದು ಕಟ್ಟು ಕಾಗದಗಳನ್ನು ಮುಂದಿಟ್ಟು ರುಜು ಹಾಕಿಸಿದನು. ಅದರಲ್ಲಿ ಎರಡನೆಯ ನಮೂನೆ ಎಂಬುದೊಂದಿತ್ತು. ಸದಸ್ಯನು ತೀರಿಕೊಂಡರೆ ಹಣ ಯಾರಿಗೆ ಸೇರಬೇಕೆಂದು ಅದರಲ್ಲಿ ಬರೆಯತಕ್ಕದ್ದು. ಹುಡುಗನು ತಾಯಿಯ ಹೆಸರನ್ನು ಬರೆದು, ಪಾಲಿನ ಅಂಕಣದಲ್ಲಿ ನೂರಕ್ಕೆ ನೂರು ಎಂದು ತುಂಬಿದನು. 2018ರಲ್ಲಿ ಮದುವೆಯಾಯಿತು, 2020ರಲ್ಲಿ ಒಂದು ಹೆಣ್ಣು ಮಗುವಾಯಿತು. ಆ ಹಳೆಯ ಕಾಗದದ ನೆನಪು ಅವನಿಗೂ ಬರಲಿಲ್ಲ, ಕಾರ್ಖಾನೆಯವರಿಗೂ ಬರಲಿಲ್ಲ. 2024ರ ಮಳೆಗಾಲದಲ್ಲಿ ಕೆಲಸ ಮುಗಿಸಿ ಬರುವಾಗ ರಸ್ತೆಯ ಅಪಘಾತದಲ್ಲಿ ಅವನು ತೀರಿಕೊಂಡನು.

ಹನ್ನೊಂದನೆಯ ದಿನ ಕಳೆದ ಮೇಲೆ ಮೈದುನನು ಕಾರ್ಖಾನೆಗೆ ಹೋಗಿ ವಿಚಾರಿಸಿಕೊಂಡು ಬಂದನು. "ಎಲ್ಲವೂ ಅಮ್ಮನ ಹೆಸರಿನಲ್ಲಿದೆ" ಎಂಬ ಸುದ್ದಿ ಮನೆಯಲ್ಲಿ ಹರಡಿತು. ಸೊಸೆಯು ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ನಾವು ಆ ಮನೆಗೆ ಹೋದಾಗ ಆ ತಾಯಿ ನಮಗೆ ಹೇಳಿದ ಮಾತಿದು: "ಸ್ವಾಮಿ, ದುಡ್ಡಿನ ಆಸೆಯಲ್ಲ. ನನ್ನ ಮಗ ತನ್ನ ಕೈಯಾರೆ ನನ್ನ ಹೆಸರು ಬರೆದಿದ್ದಾನೆ. ಅವನ ಮಾತು ನಡೆಯಬೇಕೋ ಬೇಡವೋ?" ಈ ಮಾತಿನಲ್ಲಿ ಕಪಟವಿರಲಿಲ್ಲ. ತಪ್ಪು ಮಾತ್ರ ಇತ್ತು.

ತಪ್ಪು ಯಾವುದೆಂದರೆ, ಆ ಕಾಗದವು ಮಗನು ತೀರಿಕೊಳ್ಳುವುದಕ್ಕೆ ಆರು ವರ್ಷ ಮುಂಚೆಯೇ ಸತ್ತುಹೋಗಿತ್ತು. ನೌಕರರ ಪ್ರಾವಿಡೆಂಟ್ ಫಂಡು ಯೋಜನೆ ಎಂಬುದು 1952ರದು. ಅದರ 61ನೆಯ ಪರಿಚ್ಛೇದದಲ್ಲಿ ಹೀಗೆ ವಿಧಿಸಿದೆ: ಸದಸ್ಯನು ಮದುವೆಯಾದ ಕೂಡಲೆ ಹೊಸದಾಗಿ ನಾಮನಿರ್ದೇಶನ ಮಾಡತಕ್ಕದ್ದು, ಮದುವೆಗೆ ಮುಂಚೆ ಮಾಡಿದ ನಾಮನಿರ್ದೇಶನವು ಅಸಿಂಧುವೆಂದೇ ಭಾವಿಸತಕ್ಕದ್ದು. ಯಾರಾದರೂ ರದ್ದು ಮಾಡಬೇಕಾದ್ದಿಲ್ಲ, ಹೆಂಡತಿಯು ಅರ್ಜಿ ಕೊಡಬೇಕಾದ್ದಿಲ್ಲ. ತಾಳಿ ಕಟ್ಟಿದ ಗಳಿಗೆಗೆ ಅದು ತಾನಾಗಿಯೇ ಬಿದ್ದುಹೋಗುತ್ತದೆ. ತಾಯಿಯ ಹೆಸರಿದ್ದರೂ ಅಷ್ಟೆ, ತಂದೆಯ ಹೆಸರಿದ್ದರೂ ಅಷ್ಟೆ, ಅಣ್ಣನ ಹೆಸರಿದ್ದರೂ ಅಷ್ಟೆ. 2018ರ ನಂತರ ಆ ಹುಡುಗನಿಗೆ ನಾಮನಿರ್ದೇಶನವೆಂಬುದೇ ಇರಲಿಲ್ಲ.

ಇಷ್ಟನ್ನು ತಿಳಿದ ಕೂಡಲೆ ಸೊಸೆಯ ತವರಿನವರು ಎರಡನೆಯ ತಪ್ಪಿಗೆ ಬಿದ್ದರು. "ಹಾಗಾದರೆ ಅತ್ತೆಗೆ ಏನೂ ಇಲ್ಲ, ಎಲ್ಲವೂ ನಮ್ಮ ಹುಡುಗಿಗೇ" ಎಂದು ಅವರು ಎಣಿಸಿದರು. ಅದೂ ಸರಿಯಲ್ಲ. ಸಿಂಧುವಾದ ನಾಮನಿರ್ದೇಶನವಿಲ್ಲದಾಗ ಹಣವು ಏನಾಗಬೇಕೆಂಬುದನ್ನು ಅದೇ ಯೋಜನೆಯ 70ನೆಯ ಪರಿಚ್ಛೇದವು ಹೇಳುತ್ತದೆ: ಕುಟುಂಬದವರೆಲ್ಲರಿಗೂ ಸಮಪಾಲು. ಕುಟುಂಬವೆಂದರೆ ಯಾರು? ಗಂಡಸು ಸದಸ್ಯನಾಗಿದ್ದರೆ ಅವನ ಹೆಂಡತಿ, ಮಕ್ಕಳು, ಅವನನ್ನು ಅವಲಂಬಿಸಿದ ತಂದೆತಾಯಿಗಳು, ಮತ್ತು ಮೊದಲೇ ತೀರಿಕೊಂಡ ಮಗನಿದ್ದರೆ ಅವನ ವಿಧವೆ ಹಾಗೂ ಮಕ್ಕಳು. ಹೆಂಗಸು ಸದಸ್ಯಳಾಗಿದ್ದರೆ ಗಂಡನೂ, ಗಂಡನನ್ನು ಹೆತ್ತ ಅವಲಂಬಿತರೂ ಸೇರುತ್ತಾರೆ. ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಇಂಥ ಜಗಳಗಳಲ್ಲಿ ಅತ್ಯಂತ ಗಟ್ಟಿಯಾಗಿ ಕೂಗಾಡುವವನು ಬಹುಮಟ್ಟಿಗೆ ಮೈದುನನೇ ಆಗಿರುವುದನ್ನು ನಾವು ಕಂಡಿದ್ದೇವೆ. ಅವನಿಗೆ ಮಾತ್ರ ಒಂದು ಕಾಸಿನ ಹಕ್ಕೂ ಇಲ್ಲ. ಹಾಗೆಯೇ ಪ್ರಾಯಕ್ಕೆ ಬಂದ ಗಂಡುಮಕ್ಕಳಿಗೂ, ಮದುವೆಯಾಗಿ ಗಂಡನು ಬದುಕಿರುವ ಹೆಣ್ಣುಮಕ್ಕಳಿಗೂ, ಕುಟುಂಬದಲ್ಲಿ ಬೇರೆ ಸದಸ್ಯರಿರುವಾಗ ಈ ಸಮಪಾಲಿನಲ್ಲಿ ಭಾಗವಿಲ್ಲ.

ಇಲ್ಲಿ ತಿರುಳೆಲ್ಲ ಇರುವುದು 'ಅವಲಂಬಿತ' ಎಂಬ ಮಾತಿನಲ್ಲಿ. ಹೆಂಡತಿಯೂ ಮಕ್ಕಳೂ ಅವಲಂಬನೆಯನ್ನು ತೋರಿಸಬೇಕಾಗಿಲ್ಲ; ತಂದೆತಾಯಿಗಳು ತೋರಿಸಬೇಕು. ನಮ್ಮ ಸಂಸಾರದಲ್ಲಿ ತಾಯಿಯ ವಿಷಯಕ್ಕೆ ಯಾರೂ ತಕರಾರು ಮಾಡಲಿಲ್ಲ. ತಂದೆಯ ವಿಷಯದಲ್ಲಿ ಮಾಡಿದರು. ಅವರ ಹೆಸರಿನಲ್ಲಿ ಎರಡು ಎಕರೆ ಖುಷ್ಕಿ ಜಮೀನಿತ್ತು. "ಹೊಲವಿದ್ದವರು ಅವಲಂಬಿತರು ಹೇಗಾದಾರು?" ಎಂದು ಸೊಸೆಯ ಅಣ್ಣನು ಕೇಳಿದನು. ಕೇಳತಕ್ಕ ಪ್ರಶ್ನೆಯೇ. ಆದರೆ ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ನೋಡಬೇಕಾದದ್ದು, ಮಗನು ಬದುಕಿದ್ದಾಗ ಅವರ ಸಂಸಾರ ಯಾರ ಹಣದಿಂದ ನಡೆಯುತ್ತಿತ್ತು ಎಂಬುದನ್ನು. ತಂದೆಯ ಬ್ಯಾಂಕಿನ ಪಾಸ್‌ಬುಕ್ಕನ್ನು ತೆರೆದಾಗ, ಪ್ರತಿ ತಿಂಗಳೂ ಮೊದಲ ವಾರದಲ್ಲಿ ಮಗನ ಖಾತೆಯಿಂದ 4,000 ರೂಪಾಯಿ ಬಂದಿದ್ದುದು ಕಾಣಿಸಿತು. ಅದನ್ನು ನೋಡಿ ಸೊಸೆಯು, "ಅದನ್ನು ಕಳಿಸುತ್ತಿದ್ದವಳು ನಾನೇ, ಅವರ ಫೋನಿನಿಂದ" ಎಂದಳು. ಆ ಮೇಲೆ ಆ ತಕರಾರನ್ನು ಯಾರೂ ಮುಂದುವರಿಸಲಿಲ್ಲ. ತಂದೆಯು ಸರ್ಕಾರಿ ಪೆನ್ಷನ್ನು ಪಡೆಯುತ್ತಿದ್ದು, ಮಗನಿಂದ ಏನೂ ತೆಗೆದುಕೊಳ್ಳದೆ ಇದ್ದಿದ್ದರೆ ಉತ್ತರ ಬೇರೆಯಾಗಬಹುದಾಗಿತ್ತು. ಆಗ ತಾಯಿಯೂ ಮಗನನ್ನಲ್ಲ, ಗಂಡನನ್ನು ಅವಲಂಬಿಸಿದವಳೆಂಬ ವಾದ ಏಳುತ್ತಿತ್ತು.

ಇನ್ನು ಲೆಕ್ಕ. ಹುಡುಗನ ಖಾತೆಯಲ್ಲಿ ಬಡ್ಡಿಯೂ ಸೇರಿ 4,80,000 ರೂಪಾಯಿ ಇತ್ತು. ಹೆಂಡತಿ, ಮಗಳು, ತಂದೆ, ತಾಯಿ, ಹೀಗೆ ನಾಲ್ಕು ಜನರಿಗೆ ತಲಾ 1,20,000. ಮಗಳು ಇನ್ನೂ ಚಿಕ್ಕವಳಾದ್ದರಿಂದ ಅವಳ ಪಾಲನ್ನು ಸ್ವಾಭಾವಿಕ ರಕ್ಷಕಳಾದ ತಾಯಿಯ ಮೂಲಕ ಪಡೆಯತಕ್ಕದ್ದು. ಆದರೆ ಅದು ಮಗಳ ಸ್ವತ್ತು, ತಾಯಿಯದಲ್ಲ.

ಪ್ರಾವಿಡೆಂಟ್ ಫಂಡಿನ ಜೊತೆಗೆ ಇರುವ ವಿಮೆಯನ್ನು ಅನೇಕರು ಮರೆತೇಬಿಡುತ್ತಾರೆ. ನೌಕರನು ಇದಕ್ಕಾಗಿ ಕೈಯಿಂದ ಏನನ್ನೂ ಕೊಡುವುದಿಲ್ಲ; ಯಜಮಾನನೇ ಕಟ್ಟುತ್ತಾನೆ. ಸೇವೆಯಲ್ಲಿರುವಾಗ ತೀರಿಕೊಂಡರೆ ಮಾತ್ರ ಇದು ಬರುತ್ತದೆ. ಹಿಂದಿನ ಹನ್ನೆರಡು ತಿಂಗಳ ಸರಾಸರಿ ಸಂಬಳವನ್ನು, 15,000ಕ್ಕೆ ಮೀರದಂತೆ ಹಿಡಿದು, 35ರಿಂದ ಗುಣಿಸುವುದು. ಅದಕ್ಕೆ ಖಾತೆಯ ಸರಾಸರಿ ಶಿಲ್ಕಿನ ಅರ್ಧವನ್ನು, 1,75,000ಕ್ಕೆ ಮೀರದಂತೆ, ಕೂಡಿಸುವುದು. ನಮ್ಮ ಹುಡುಗನ ಸಂಬಳ 22,000, ಲೆಕ್ಕಕ್ಕೆ 15,000. ಗುಣಿಸಿದರೆ 5,25,000. ಸರಾಸರಿ ಶಿಲ್ಕು 4,40,000; ಅರ್ಧ 2,20,000; ಮಿತಿಗೆ ಒಳಪಟ್ಟು 1,75,000. ಒಟ್ಟು 7,00,000. 2021ರಲ್ಲಿ ನಿಗದಿಯಾದ ಗರಿಷ್ಠ ಮೊತ್ತವೂ ಇದೇ. ಈ ಹಣವೂ ಪ್ರಾವಿಡೆಂಟ್ ಫಂಡು ಹೋದ ದಾರಿಯಲ್ಲೇ ಹೋಗುತ್ತದೆ: ತಲಾ 1,75,000. ಹಳೆಯ ಹೆಸರೇ ನಡೆದುಬಿಟ್ಟಿದ್ದರೆ ಎರಡೂ ಸೇರಿ 11,80,000 ರೂಪಾಯಿ ಒಬ್ಬರ ಕೈಗೇ ಹೋಗುತ್ತಿತ್ತು. ನಾಲ್ಕು ವರ್ಷದ ಮಗುವನ್ನು ಸಾಕಬೇಕಾದವಳಿಗೆ ಈ ಲೆಕ್ಕದ ಅರ್ಥ ಏನೆಂಬುದನ್ನು ವಿವರಿಸಬೇಕಾದ್ದಿಲ್ಲ.

ಕುಟುಂಬ ಪೆನ್ಷನ್ನಿನ ಮಾತು ಬೇರೆ. ಇದನ್ನು ಪ್ರಾವಿಡೆಂಟ್ ಫಂಡಿನೊಂದಿಗೆ ಕಲಸಿಕೊಳ್ಳುವುದರಿಂದಲೇ ಅರ್ಧ ಜಗಳಗಳು ಹುಟ್ಟುತ್ತವೆ. ಪೆನ್ಷನ್ನು 1995ರ ಯೋಜನೆಯದು. ಅಲ್ಲಿ ಕುಟುಂಬವೆಂದರೆ ಹೆಂಡತಿ ಅಥವಾ ಗಂಡ, ಮತ್ತು ಮಕ್ಕಳು. ತಂದೆತಾಯಿಗಳು ಆ ಮಾತಿನೊಳಗೆ ಬರುವುದೇ ಇಲ್ಲ. ಒಂದು ತಿಂಗಳ ವಂತಿಗೆ ಸಂದಾಯವಾಗಿದ್ದರೂ ಸಾಕು, ಸೇವೆಯಲ್ಲಿ ತೀರಿಕೊಂಡವನ ವಿಧವೆಗೆ ಮಾಸಾಶನ ಉಂಟು. ಅದರ ಜೊತೆಗೆ, ಏಕಕಾಲಕ್ಕೆ ಇಬ್ಬರು ಮಕ್ಕಳವರೆಗೆ, ತಲಾ ಅದರ ಕಾಲು ಭಾಗ, ಅವರಿಗೆ 25 ವರ್ಷ ತುಂಬುವ ತನಕ. ವಿಧವೆಗೆ 3,000 ನಿಗದಿಯಾದರೆ ಮಗುವಿಗೆ 750. ಇದನ್ನು ಅತ್ತೆಯೊಂದಿಗೆ ಹಂಚಿಕೊಳ್ಳಬೇಕೆಂದು ಪಂಚಾಯಿತಿ ಸೇರಿಸಿ ಒಪ್ಪಂದ ಬರೆಸಿದರೂ ಆಫೀಸಿನವರು ಅದನ್ನು ನೋಡುವುದಿಲ್ಲ. ಸದಸ್ಯನಿಗೆ ಹೆಂಡತಿಯಾಗಲಿ ಅರ್ಹ ಮಕ್ಕಳಾಗಲಿ ಇಲ್ಲದೆ, ಅವನು ಯಾರನ್ನೂ ನಾಮನಿರ್ದೇಶನ ಮಾಡದೆ ತೀರಿಕೊಂಡರೆ ಮಾತ್ರ ಅವಲಂಬಿತ ತಂದೆಗೂ, ಅವನ ತರುವಾಯ ತಾಯಿಗೂ ಪೆನ್ಷನ್ನು ಸಲ್ಲುತ್ತದೆ.

ನಮ್ಮ ಸಂಸಾರದ ಹಿರಿಯರ ಮನಸ್ಸಿನೊಳಗಿದ್ದ ನಿಜವಾದ ಭಯವು ಇಲ್ಲಿ ಹೊರಬಿತ್ತು. "ಹುಡುಗಿಗೆ ಇನ್ನೂ ಇಪ್ಪತ್ತೊಂಬತ್ತು ವರ್ಷ. ನಾಳೆ ಮತ್ತೊಂದು ಮದುವೆಯಾದರೆ ನಮ್ಮ ಮಗನ ಪೆನ್ಷನ್ನು ಇನ್ನೊಂದು ಮನೆ ಸೇರುತ್ತದಲ್ಲ?" ಎಂದು ಮಾವನವರು ತಗ್ಗಿದ ದನಿಯಲ್ಲಿ ಕೇಳಿದರು. ಸೇರುವುದಿಲ್ಲ. ಆಕೆ ಪುನರ್ವಿವಾಹವಾದ ದಿನಕ್ಕೆ ವಿಧವೆಯ ಪೆನ್ಷನ್ನು ನಿಲ್ಲುತ್ತದೆ. ಆದರೆ ಮಗುವಿನದು ನಿಲ್ಲುವುದಿಲ್ಲ. ಅಂದಿನಿಂದ ಅನಾಥ ಮಗುವಿನ ದರದಲ್ಲಿ, ಎಂದರೆ ವಿಧವೆಯ ಪೆನ್ಷನ್ನಿನ ಮುಕ್ಕಾಲು ಭಾಗದಂತೆ, 750ರ ಬದಲು 2,250 ಸಲ್ಲತೊಡಗುತ್ತದೆ. ಪ್ರಾವಿಡೆಂಟ್ ಫಂಡಿನ ಮತ್ತು ವಿಮೆಯ ಪಾಲುಗಳಾದರೋ, ಸದಸ್ಯನು ತೀರಿಕೊಂಡ ದಿನದ ಸ್ಥಿತಿಯ ಮೇಲೆ ನಿಂತವು. ಆಕೆ ಮುಂದೆ ಏನೇ ಮಾಡಿದರೂ ಅವನ್ನು ಹಿಂದಕ್ಕೆ ಕೇಳುವಂತಿಲ್ಲ. ಇದೇ ರೀತಿಯಲ್ಲಿ, ಗಂಡಹೆಂಡಿರು ಬೇರೆಬೇರೆಯಾಗಿ ವಾಸವಾಗಿದ್ದರೆಂಬ ಮಾತ್ರದಿಂದ ಹೆಂಡತಿಯ ಹಕ್ಕು ಹೋಗುವುದಿಲ್ಲ. ಆಕೆಗೆ ಜೀವನಾಂಶದ ಹಕ್ಕು ತಮ್ಮ ಧರ್ಮದ ಕಾನೂನಿನಂತೆ ತಪ್ಪಿಹೋಗಿದೆಯೆಂದು ಸದಸ್ಯನು ತನ್ನ ಜೀವಿತಕಾಲದಲ್ಲೇ ರುಜುವಾತು ಮಾಡಿದ್ದರೆ ಆ ಮಾತು ಬೇರೆ.

ಈಗ ಕಾಗದಪತ್ರಗಳ ಕಡೆಗೆ ಬರೋಣ. ಕಾನೂನು ಹೀಗಿದ್ದರೂ ಹಣವು ತಪ್ಪು ಕೈಗೆ ಹೋಗುವುದುಂಟು. ಕಾರಣ ಸರಳವಾದದ್ದು: ಸದಸ್ಯನಿಗೆ ಮದುವೆಯಾಗಿದೆಯೆಂದು ಫಂಡಿನ ಆಫೀಸಿಗೆ ಯಾರೂ ಹೇಳಿರುವುದಿಲ್ಲ. ದಾಖಲೆಯಲ್ಲಿ 'ಅವಿವಾಹಿತ' ಎಂದೂ, ಪಕ್ಕದಲ್ಲಿ ತಾಯಿಯ ಹೆಸರೂ ಇರುವಾಗ, ತಾಯಿಯ ಅರ್ಜಿಯನ್ನು ನೋಡಿದ ಗುಮಾಸ್ತೆಗೆ ಸಂಶಯ ಬರುವುದಕ್ಕೆ ಕಾರಣವಿಲ್ಲ. ಸದಸ್ಯನು ಗಣಕಯಂತ್ರದ ಮೂಲಕ ನಾಮನಿರ್ದೇಶನ ಮಾಡಿದ್ದರಂತೂ, ಹೆಸರಿದ್ದವರು ಮನೆಯಲ್ಲಿ ಕುಳಿತೇ ಅರ್ಜಿ ಹಾಕಬಹುದು. ಆದ್ದರಿಂದ ಹಳೆಯ ಹೆಸರು ಇದೆಯೆಂಬ ಸುಳಿವು ಸಿಕ್ಕ ದಿನವೇ ಹೆಂಡತಿಯು ತನ್ನ ಪ್ರಾಂತದ ಪ್ರಾವಿಡೆಂಟ್ ಫಂಡು ಕಮಿಷನರವರಿಗೆ ಒಂದು ಆಕ್ಷೇಪಣೆಯ ಕಾಗದವನ್ನು ಕೊಡತಕ್ಕದ್ದು. ಅದರಲ್ಲಿ ಉಪದೇಶವೂ ಬೇಡ, ಅಳಲೂ ಬೇಡ. ಗಂಡನ ಹೆಸರು, ಅವರ ಯು.ಎ.ಎನ್. ಸಂಖ್ಯೆ, ಕಾರ್ಖಾನೆಯ ಹೆಸರು, ಮದುವೆಯ ದಿನಾಂಕ, ಮರಣದ ದಿನಾಂಕ ಇವನ್ನು ಬರೆದು, ಮದುವೆಗೆ ಮುಂಚಿನ ನಾಮನಿರ್ದೇಶನವು 61ನೆಯ ಪರಿಚ್ಛೇದದಂತೆ ಅಸಿಂಧುವಾದ್ದರಿಂದ 70ನೆಯ ಪರಿಚ್ಛೇದದಂತೆ ಹಂಚಬೇಕೆಂದೂ, ತನ್ನನ್ನು ವಿಚಾರಿಸದೆ ಯಾರಿಗೂ ಹಣ ಕೊಡಬಾರದೆಂದೂ ಕೇಳಿದರೆ ಸಾಕು. ಮದುವೆಯ ನೋಂದಣಿ ಪತ್ರ, ಮಗುವಿನ ಜನನ ಪತ್ರ, ಮರಣ ಪತ್ರ ಇವುಗಳ ನಕಲನ್ನು ಲಗತ್ತಿಸಿ, ಸ್ವೀಕೃತಿಯ ಮುದ್ರೆಯನ್ನು ತಪ್ಪದೆ ಹಾಕಿಸಿಕೊಳ್ಳಬೇಕು. ಹಣ ಬಟವಾಡೆಯಾದ ಮೇಲೆ ಬಂದ ಆಕ್ಷೇಪಣೆಗೂ ಮುಂಚೆ ಬಂದದ್ದಕ್ಕೂ ಇರುವ ವ್ಯತ್ಯಾಸವು ಕೆಲವು ವರ್ಷಗಳ ಸಿವಿಲ್ ದಾವೆಯಷ್ಟು.

ನಮ್ಮ ಸಂಸಾರದಲ್ಲಿ ಅತ್ತೆಯ ಅರ್ಜಿ ಹೋಗಿ ಒಂಬತ್ತು ದಿನಕ್ಕೆ ಸೊಸೆಯ ಆಕ್ಷೇಪಣೆ ಹೋಯಿತು. ಆಫೀಸಿನವರು ಹಣವನ್ನು ತಡೆಹಿಡಿದು ಇಬ್ಬರಿಗೂ ಕಾಗದ ಬರೆದರು. ಕೋರ್ಟಿನಿಂದ ಉತ್ತರಾಧಿಕಾರ ಪತ್ರ ತರಬೇಕೇನೋ ಎಂದು ಎಲ್ಲರೂ ಹೆದರಿದ್ದರು. ಕುಟುಂಬದವರು ಯಾರು ಯಾರೆಂಬುದರಲ್ಲಿ ಒಮ್ಮತವಿದ್ದರೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ. ಒಮ್ಮತ ಮುರಿದಾಗಲೇ ಆ ದಾರಿ. ಆಗ ನಾವು ಮಾವನವರಿಗೆ ಒಂದು ವಿಷಯವನ್ನು ಬಿಡಿಸಿ ಹೇಳಬೇಕಾಯಿತು. ಸಿವಿಲ್ ಕೋರ್ಟಿನಲ್ಲಿ ಇದನ್ನು ವಾರಸಿನ ಪ್ರಶ್ನೆಯಾಗಿ ಎತ್ತಿದರೆ ನಡೆಯುವುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ಅಲ್ಲಿ ವಿಧವೆ, ಮಕ್ಕಳು, ತಾಯಿ ಮೊದಲನೆಯ ವರ್ಗದ ವಾರಸುದಾರರು. ತಂದೆಯು ಎರಡನೆಯ ವರ್ಗದವನು, ಮೊದಲನೆಯ ವರ್ಗದಲ್ಲಿ ಒಬ್ಬರಿದ್ದರೂ ಅವನಿಗೆ ಏನೂ ಇಲ್ಲ. ಫಂಡಿನ ಯೋಜನೆಯಲ್ಲಾದರೆ ಅವರಿಗೆ ನಾಲ್ಕರಲ್ಲಿ ಒಂದು ಪಾಲು ಉಂಟು. "ಹಾಗಾದರೆ ಕೋರ್ಟಿಗೆ ಹೋಗುವುದು ನನ್ನ ಪಾಲನ್ನು ಕಳೆದುಕೊಳ್ಳುವುದಕ್ಕೋ?" ಎಂದು ಅವರು ಕೇಳಿದರು. ಅಂದಿನಿಂದ ಮೈದುನನ ಮಾತಿಗೆ ಮನೆಯಲ್ಲಿ ಬೆಲೆ ಕಡಮೆಯಾಯಿತು.

ಕೋರ್ಟುಗಳೂ ಈ ಪ್ರಶ್ನೆಯನ್ನು ಅನೇಕ ಸಲ ನೋಡಿವೆ. ಮದುವೆಗೆ ಮುಂಚೆ ತಾಯಿಯ ಹೆಸರನ್ನು ಬರೆದಿದ್ದ ಬ್ಯಾಂಕ್ ನೌಕರನೊಬ್ಬನ ವ್ಯಾಜ್ಯದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು, ನಾಮನಿರ್ದೇಶಿತನೆಂದರೆ ಹಣವನ್ನು ಪಡೆಯತಕ್ಕವನೇ ಹೊರತು ಅದರ ಒಡೆಯನಲ್ಲವೆಂದು ಹೇಳಿ, ತಾಯಿಗೂ ವಿಧವೆಗೂ ಹಂಚುವಂತೆ ಮಾಡಿತು. ಕೇಂದ್ರ ಸರ್ಕಾರದ ನೌಕರನೊಬ್ಬನ ಸಾಮಾನ್ಯ ಪ್ರಾವಿಡೆಂಟ್ ಫಂಡಿನ ವಿಷಯದಲ್ಲಿ 2025ರ ಡಿಸೆಂಬರಿನಲ್ಲಿಯೂ ಅದೇ ಕೋರ್ಟು, ಮದುವೆಯಿಂದ ತಾಯಿಯ ನಾಮನಿರ್ದೇಶನವು ಬಿದ್ದುಹೋಯಿತೆಂದೂ, ತಾಯಿಗೂ ಹೆಂಡತಿಗೂ ಸಮಪಾಲೆಂದೂ ತೀರ್ಮಾನಿಸಿತು. ಆದರೆ ಒಂದು ಎಚ್ಚರ: ಮದುವೆಯಾದ ಮೇಲೆ ಸದಸ್ಯನು ಬುದ್ಧಿಪೂರ್ವಕವಾಗಿ ಅವಲಂಬಿತ ತಾಯಿಯ ಹೆಸರನ್ನೇ ಹೊಸದಾಗಿ ಬರೆದಿದ್ದರೆ ಅದು ಸಿಂಧುವಾದ ನಾಮನಿರ್ದೇಶನ. ಆಫೀಸಿನವರು ಹಣವನ್ನು ಆಕೆಗೇ ಕೊಡುತ್ತಾರೆ. ಹೆಂಡತಿಯ ಹಕ್ಕಿನ ಪ್ರಶ್ನೆ ಆಗ ಸಿವಿಲ್ ಕೋರ್ಟಿನದು. ಆದ್ದರಿಂದ ನಾಮನಿರ್ದೇಶನದಲ್ಲಿ ಮೊದಲು ನೋಡಬೇಕಾದದ್ದು ಹೆಸರನ್ನಲ್ಲ, ದಿನಾಂಕವನ್ನು.

ಅರ್ಜಿಯ ನಮೂನೆಗಳು ಮೂರು: ಪ್ರಾವಿಡೆಂಟ್ ಫಂಡಿಗೆ 20, ವಿಮೆಗೆ 5-ಐ.ಎಫ್., ಪೆನ್ಷನ್ನಿಗೆ 10-ಡಿ. ಮೂರನ್ನೂ ಕೂಡಿಸಿದ ಒಂದೇ ನಮೂನೆಯೂ ಈಗ ಬಳಕೆಯಲ್ಲಿದೆ. ಕಾರ್ಖಾನೆಯವರ ದೃಢೀಕರಣ ಬೇಕು. ಕಾರ್ಖಾನೆ ಮುಚ್ಚಿಹೋಗಿದ್ದರೆ ಗೆಜೆಟೆಡ್ ಅಧಿಕಾರಿ, ಬ್ಯಾಂಕ್ ಮ್ಯಾನೇಜರು ಮೊದಲಾದವರದು ನಡೆಯುತ್ತದೆ. ಕುಟುಂಬದವರ ಪಟ್ಟಿಗಾಗಿ ನಾಡಕಚೇರಿಯ ದೃಢೀಕರಣ ಪತ್ರವನ್ನು ತರಬಹುದು. ಪೆನ್ಷನ್ನಿನ ಅರ್ಜಿಯನ್ನು ಜಗಳ ತೀರಲೆಂದು ಕಾಯಿಸಬಾರದು. ಅದರಲ್ಲಿ ಜಗಳಕ್ಕೆ ಆಸ್ಪದವೇ ಇಲ್ಲವಾದ್ದರಿಂದ ಅದನ್ನು ಬೇರೆಯಾಗಿ ಮೊದಲೇ ಕೊಟ್ಟುಬಿಡುವುದು ಲೇಸು. ಎಲ್ಲ ಕಾಗದಗಳೂ ಸರಿಯಾಗಿ ಸೇರಿದ ಮೇಲೆ 20 ದಿನಗಳೊಳಗೆ ಇತ್ಯರ್ಥವಾಗಬೇಕೆಂದು ನಿಯಮವಿದೆ.

2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆಯೆಂಬುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಹಳೆಯ ಯೋಜನೆಗಳು ಸಂಹಿತೆಗೆ ವಿರುದ್ಧವಲ್ಲದ ಮಟ್ಟಿಗೆ ಆ ದಿನದಿಂದ ಒಂದು ವರ್ಷದ ತನಕ ಮುಂದುವರಿಯುವಂತೆ ಅದರಲ್ಲೇ ಏರ್ಪಾಡಿದೆ. ನಾವು ಹೇಳಿದ ಪರಿಚ್ಛೇದಗಳು 1952ರ ಮತ್ತು 1995ರ ಯೋಜನೆಗಳವು. ಸದಸ್ಯನು ತೀರಿಕೊಂಡ ದಿನ ಯಾವ ಯೋಜನೆ ನಡೆಯುತ್ತಿತ್ತೆಂಬುದನ್ನು ಆಫೀಸಿನಲ್ಲಿ ಕೇಳಿಕೊಂಡು ಅರ್ಜಿಯಲ್ಲಿ ಕಾಣಿಸಬೇಕು. ಗ್ರಾಚ್ಯುಯಿಟಿಯ ನಾಮನಿರ್ದೇಶನದ ನಿಯಮ ಇದಕ್ಕಿಂತ ಸ್ವಲ್ಪ ಬೇರೆ. ಅದನ್ನು ಮತ್ತೊಂದು ಸಂಚಿಕೆಗೆ ಇಟ್ಟುಕೊಂಡಿದ್ದೇವೆ.

ನಮ್ಮ ಸಂಸಾರದವರು ಕೊನೆಗೆ ಒಂದೇ ಕಾಗದದಲ್ಲಿ ರುಜು ಹಾಕಿದರು: ನಾಲ್ಕು ಪಾಲು, ನಾಲ್ಕು ಬ್ಯಾಂಕ್ ಖಾತೆ. ಅತ್ತೆಯು ಹೆಬ್ಬೆಟ್ಟು ಒತ್ತುವುದಕ್ಕೆ ಮುಂಚೆ ಆ ಹಳೆಯ ಎರಡನೆಯ ನಮೂನೆಯ ನಕಲನ್ನು ತನಗೆ ಕೊಡಿಸಬೇಕೆಂದು ಕೇಳಿದಳು. ಅದರಿಂದ ಇನ್ನು ಉಪಯೋಗವಿಲ್ಲವೆಂದು ಗುಮಾಸ್ತೆ ಹೇಳಿದನು. "ಉಪಯೋಗಕ್ಕಲ್ಲಪ್ಪ, ಅವನ ಅಕ್ಷರ" ಎಂದು ಅದನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಮಗಳ ಪಾಲಿನ 2,95,000 ರೂಪಾಯಿಯನ್ನು ಅವಳಿಗೆ ಹದಿನೆಂಟು ತುಂಬುವ ತನಕ ಠೇವಣಿಯಾಗಿ ಇಡಲಾಗಿದೆ. ಸೊಸೆಯು ಗಂಡನ ಮನೆಗೆ ಹಿಂದಿರುಗಲಿಲ್ಲ. ತಿಂಗಳಿಗೊಮ್ಮೆ ಮಗುವನ್ನು ಕರೆತಂದು ಎರಡು ದಿನ ಬಿಟ್ಟುಹೋಗುತ್ತಾಳೆಂದು ಕೇಳಿದ್ದೇವೆ.